ಮೈಕ್ರೋಫೈಬರ್ ಬಟ್ಟೆಯನ್ನು ಲಾಂಡ್ರಿಗೆ ಕೊಡುವ ಮುನ್ನ

ಗಾಜು ಒರೆಸುವ ಮೈಕ್ರೋಫೈಬರ್ ಬಟ್ಟೆಗಳನ್ನು ಲಾಂಡ್ರಿಗೆ ಕೊಡುವವರು ‘ಸಾಫ್ಟನರ್ ಹಾಕಬಾರದು’ ಎಂದು ಬಾಯಲ್ಲಿ ಹೇಳಿದರೆ ಸಾಲದು, ಚೀಟಿಯಲ್ಲಿ ಬರೆದು ಕಟ್ಟಿನ ಮೇಲೆ ಅಂಟಿಸಿ. ಉಪ್ಪಳದ ನನ್ನ ಕನ್ನಡಕದಂಗಡಿಯ ಬಟ್ಟೆಗಳೆಲ್ಲ ಒಂದೇ ಒಗೆತಕ್ಕೆ ಹಾಳಾದವು.

ಹೆದ್ದಾರಿ ಅಗಲ ಮಾಡುವ ಕೆಲಸ ಶುರುವಾದಂದಿನಿಂದ ಅಂಗಡಿಯೊಳಗೆ ಕೆಂಪು ಧೂಳು. ಲಾಂಡ್ರಿಯಿಂದ ಬಂದ ಬಟ್ಟೆಗಳು ಮೃದುವಾಗಿದ್ದವು, ಮಲ್ಲಿಗೆಯ ಪರಿಮಳ ಬೇರೆ. ಶೋಕೇಸಿನ ಗಾಜಿಗೆ ತಾಗಿಸಿದರೆ ಧೂಳು ಮೇಲೇಳದೆ ಆಚೀಚೆ ಸರಿಯಿತು. ಬೆಳಕಿಗೆ ಓರೆಯಾಗಿ ನೋಡಿದಾಗ ಎಣ್ಣೆ ಸವರಿದಂತೆ ಗೆರೆಗಳು. ಕೇಳಿದ್ದಕ್ಕೆ ಲಾಂಡ್ರಿಯ ಹುಡುಗ, ‘ಒಳ್ಳೆಯದಾಗಲಿ ಎಂದೇ ಹಾಕಿದೆ ಅಣ್ಣ, ಎಲ್ಲರಿಗೂ ಹಾಕುತ್ತೇವೆ’ ಎಂದ. ಪಾಪ, ಅವನ ಲೆಕ್ಕದಲ್ಲಿ ಅದು ಉಪಕಾರ.

ಹತ್ತಿಯ ಎಳೆ ನೀರನ್ನು ತನ್ನೊಳಗೇ ಹೀರಿಕೊಳ್ಳುತ್ತದೆ. ಆದರೆ ಅದು ದಪ್ಪ, ಅದಕ್ಕೆ ಚೂಪು ಅಂಚಿಲ್ಲ. ಒಣ ಧೂಳನ್ನು ಹೆಚ್ಚಾಗಿ ತಳ್ಳುತ್ತದೆ, ಗಾಜಿನ ಮೇಲೆ ತನ್ನದೇ ನಾರನ್ನೂ ಬಿಡುತ್ತದೆ. ಮೈಕ್ರೋಫೈಬರಿನ ಕೆಲಸವೇ ಬೇರೆ. ಪಾಲಿಯೆಸ್ಟರ್ ಮತ್ತು ನೈಲಾನನ್ನು ಒಂದೇ ಎಳೆಯಾಗಿ ತೆಗೆದು, ಆಮೇಲೆ ಅದನ್ನು ಕಿತ್ತಳೆಯ ತೊಳೆಗಳಂತೆ ಸೀಳುತ್ತಾರೆ. ಸೀಳಿದ ಎಳೆಗಳಿಗೆ ಚೂಪು ಅಂಚು, ನಡುವೆ ಅತಿ ಸಣ್ಣ ಸಂದುಗಳು. ಅಂಚು ಕೊಳೆಯನ್ನು ಕೆರೆದು ಎತ್ತುತ್ತದೆ, ಸಂದು ಅದನ್ನು ನೀರು, ಜಿಡ್ಡಿನ ಜೊತೆಗೆ ಹಿಡಿದಿಡುತ್ತದೆ. ಸಾಫ್ಟನರಿನಲ್ಲಿರುವ ಕೊಬ್ಬಿನಂಥ ಅಂಶ ಎಳೆಗೆ ಅಂಟಿಕೊಂಡು ಇದೇ ಅಂಚು, ಸಂದುಗಳನ್ನು ಮುಚ್ಚುತ್ತದೆ. ಒರೆಸುವಾಗ ಅದರಲ್ಲಿ ಒಂದಿಷ್ಟು ಗಾಜಿಗೂ ಹತ್ತುತ್ತದೆ. ಹಿಡಿತ ತಪ್ಪಿದ ಧೂಳಿನ ಕಣ ಲೆನ್ಸಿನ ಮೇಲೆ ಉಜ್ಜಿಕೊಂಡು ಹೋದರೆ ಗೀರು ಬೀಳಬಹುದು. ನನಗೆ ಹೊಟ್ಟೆ ಉರಿದದ್ದು ಅದಕ್ಕೇ.

ಪರೀಕ್ಷಿಸುವುದು ಸುಲಭ. ಒಣ ಬಟ್ಟೆಯ ಮೇಲೆ ಒಂದು ಹನಿ ನೀರು ಬಿಡಿ. ಒಳ್ಳೆಯ ಬಟ್ಟೆಯಲ್ಲಿ ಅದು ಕೂಡಲೇ ಇಂಗಿ ಹರಡುತ್ತದೆ, ಹಾಳಾದದ್ದರಲ್ಲಿ ದುಂಡಗೆ ನಿಲ್ಲುತ್ತದೆ. ಒರಟು ಅಂಗೈಗೆ ಎಳೆ ಸಿಕ್ಕಿಕೊಂಡಂತಾಗುವುದೂ ಒಳ್ಳೆಯ ಗುರುತು. ಹೊಸ ಬಟ್ಟೆಯಲ್ಲೇ ಹನಿ ನಿಂತು, ಕೈಗೂ ಜಾರಿದರೆ ಅದರ ಎಳೆಯನ್ನು ಸೀಳದೆಯೇ ಮಾರಿರಬಹುದು.

ಉಳಿಸಿಕೊಳ್ಳಲು ಸುಮಾರು 60 ಡಿಗ್ರಿ ಬಿಸಿನೀರಿನಲ್ಲಿ, ಪರಿಮಳವಿಲ್ಲದ ದ್ರವ ಸೋಪು ಸ್ವಲ್ಪವೇ ಹಾಕಿ ಎರಡು ಮೂರು ಬಾರಿ ಒಗೆದು ಚೆನ್ನಾಗಿ ಜಾಲಿಸಿ. ಬೈರಾಸನ್ನು ಜೊತೆಗೆ ಹಾಕಬೇಡಿ, ಅದರ ನಾರೆಲ್ಲ ಇದಕ್ಕೇ ಹತ್ತುತ್ತದೆ. ಬ್ಲೀಚ್, ಇಸ್ತ್ರಿ ಎರಡೂ ಬೇಡ. ನನ್ನವುಗಳಲ್ಲಿ ಕೆಲವು ಸುಧಾರಿಸಿದವು. ಹನಿ ಇನ್ನೂ ದುಂಡಗೆ ನಿಲ್ಲುವವು ಈಗ ಅಂಗಡಿಯ ಮೆಟ್ಟಿಲು ಒರೆಸುತ್ತಿವೆ. ಅವನ್ನು ಅಡುಗೆಮನೆಗೆ ಒಯ್ದು ಬಿಸಿ ಪಾತ್ರೆ ಇಳಿಸಲು ಮಾತ್ರ ಬಳಸಬೇಡಿ, ಪಾಲಿಯೆಸ್ಟರ್ ಕರಗುತ್ತದೆ. ಅಲ್ಲಿಗೆ ಹತ್ತಿಯ ಬಟ್ಟೆಯೇ ಆಗಬೇಕು.