ಎರಡು ವರ್ಷ ಉಟ್ಟ ಮೇಲೆ: ನೈಸರ್ಗಿಕ ಬಣ್ಣದ ಇಳಕಲ್ ಸೀರೆ

ಒಂದು ಆನ್‌ಲೈನ್ ಅಂಗಡಿಯವರು ಎರಡು ವರ್ಷದ ಹಿಂದೆ ನೈಸರ್ಗಿಕ ಬಣ್ಣದ ಇಳಕಲ್ ಸೀರೆಗಳನ್ನು ಹೊಸದಾಗಿ ತಂದಿದ್ದರು. ಕೊಂಡಿ ನೇಯ್ಗೆ, ಬೆಣ್ಣೆಯಂಥ ಬಟ್ಟೆ, ಎಂದೂ ಹೋಗದ ಬಣ್ಣ ಅಂತ ಬರೆದುಕೊಂಡಿದ್ದರು. ನಾನು ಎರಡು ತಗೊಂಡೆ. ಒಂದರ ಒಡಲು ನೀಲಿ, ಇನ್ನೊಂದರದು ದಾಳಿಂಬೆ ಸಿಪ್ಪೆಯ ಹಳದಿ. ಒಡಲು ಹತ್ತಿ. ಸೆರಗು ಮತ್ತು ಅಂಚು ರೇಷ್ಮೆ, ಮಂಜಿಷ್ಠದ ಬೇರಿನ ಕೆಂಪು. ಶಾಲೆಗೆ ಇವನ್ನೇ ಜಾಸ್ತಿ ಉಡುವುದು.

ಪಾರ್ಸೆಲ್ ಬಿಚ್ಚಿದಾಗ ಬಣ್ಣ ನೋಡಿ ಕುಣಿದಾಡಿದವಳು ನಾನು. ಅವ್ವ ಮಾತ್ರ ಸೀರೆ ತಿರುವಿ ಹಾಕಿ ಸೆರಗಿನ ಬುಡ ಹುಡುಕಿದಳು. "ಮೊದಲ ಕೊಂಡಿ ನೋಡವಾ, ಬಣ್ಣ ಆಮ್ಯಾಲೆ ನೋಡಂತಿ" ಅಂದಳು. ಇಳಕಲ್ ಸೀರೆಯ ಜೀವ ಇರುವುದೇ ಅಲ್ಲಿ. ಒಡಲಿನ ಹಾಸು, ಅಂದರೆ ಉದ್ದಕ್ಕೆ ಹಾಯುವುದು, ಹತ್ತಿಯ ಎಳೆ. ಸೆರಗಿನ ಹಾಸು ಕೆಂಪು ರೇಷ್ಮೆ ಎಳೆ. ಒಂದರ ಕುಣಿಕೆಯೊಳಗೆ ಇನ್ನೊಂದರ ಕುಣಿಕೆ ಸಿಕ್ಕಿಸುತ್ತಾ ಎರಡನ್ನೂ ಕೈಯಲ್ಲೇ ಜೋಡಿಸಬೇಕು, ಅದೇ ಕೊಂಡಿ. ಹಾಗಾಗಿ ಬೇರೆ ಸೀರೆಗಳಂತೆ ಉದ್ದ ಹಾಸು ಹಾಕಿ ಸಾಲಾಗಿ ನೇಯಲು ಆಗುವುದಿಲ್ಲ. ಪ್ರತಿ ಸೀರೆಗೂ ಹೊಸ ಹಾಸು.

ಗುರುತಿಸುವುದು ಸುಲಭ. ಒಡಲು ಮುಗಿದು ಸೆರಗು ಶುರುವಾಗುವ ಕಡೆ ಬೆರಳಾಡಿಸಿದರೆ ಸಣ್ಣ ಗೆರೆ ಸಿಗುತ್ತದೆ. ಸೆರಗನ್ನು ಬೆಳಕಿಗೆ ಹಿಡಿಯಿರಿ. ಕೊಂಡಿಯ ಸೆರಗಿನಲ್ಲಿ ಹಾಸು, ಅಡ್ಡಕ್ಕೆ ಹಾಯುವ ಹೊಕ್ಕು ಎರಡೂ ಕೆಂಪು. ಬರೀ ಹೊಕ್ಕು ಬದಲಿಸಿ ನೇಯ್ದಿದ್ದರೆ ಕೆಂಪಿನೊಳಗೆ ಒಡಲಿನ ನೀಲಿ ಎಳೆ ಇಣುಕಿ ಬಣ್ಣ ಮಂಕಾಗಿರುತ್ತದೆ. ನಮ್ಮ ಎರಡು ಸೀರೆಯೂ ಪಾಸ್. ಸೆರಗಿನ ಕುಚ್ಚಿನಿಂದ ಒಂದು ಎಳೆ ಕಿತ್ತು ಸುಟ್ಟೆ. ಕೂದಲು ಸುಟ್ಟ ವಾಸನೆ ಬಂತು, ಬೂದಿ ಪುಡಿಯಾಯಿತು. ರೇಷ್ಮೆಯೇ. ಈಗ ಬಹುಪಾಲು ಇಳಕಲ್ ಸೀರೆಗಳಿಗೆ ಆರ್ಟ್ ಸಿಲ್ಕ್ ಅನ್ನುವ ಕೃತಕ ರೇಷ್ಮೆ ಹಾಕುವುದರಿಂದ ಇದನ್ನು ನೋಡಿಕೊಳ್ಳಲೇಬೇಕು.

ಬೆಣ್ಣೆಯಂಥ ಬಟ್ಟೆ ಅನ್ನುವುದು ಮೊದಲ ತಿಂಗಳು ಸುಳ್ಳು. ಗಂಜಿ ಇರುತ್ತದಲ್ವಾ, ನೆರಿಗೆ ಹಿಡಿದರೆ ತಗಡಿನಂತೆ ನಿಲ್ಲುತ್ತಿತ್ತು. ಐದಾರು ಸಲ ಒಗೆದ ಮೇಲೆ ಮೈಗೆ ಒಗ್ಗಿತು. ಈಗ ಏಪ್ರಿಲ್ ಬಿಸಿಲಲ್ಲೂ ಸಂಜೆವರೆಗೆ ಉಟ್ಟದ್ದು ಗೊತ್ತಾಗುವುದಿಲ್ಲ. ನಾನು ಮಾಡಿದ ತಪ್ಪು ಅಂದರೆ ನೀಲಿ ಸೀರೆಗೆ ಒಗೆಯುವ ಮೊದಲೇ ಫಾಲ್ ಹಚ್ಚಿಸಿದ್ದು. ಹತ್ತಿ ಒಡಲು ಕುಗ್ಗಿತು, ರೇಷ್ಮೆ ಅಂಚು ಅಷ್ಟು ಕುಗ್ಗಲಿಲ್ಲ, ಫಾಲ್ ಇದ್ದ ಹಾಗೇ ಉಳಿಯಿತು. ಕೆಳಗಿನ ಅಂಚು ಸುಕ್ಕು ಸುಕ್ಕು. ಫಾಲ್ ಬಿಚ್ಚಿ ಮತ್ತೆ ಹಚ್ಚಿಸಬೇಕಾಯಿತು. ಹಳದಿಯನ್ನು ಎರಡು ಸಲ ನೀರಿಗೆ ಹಾಕಿ ಒಣಗಿಸಿಯೇ ಟೈಲರಿಗೆ ಕೊಟ್ಟೆ.

ಇನ್ನು ಬಣ್ಣ. ಮೊದಲ ದಿನವೇ ನೀಲಿ ಸೀರೆ ನನ್ನ ಬಿಳಿ ಲಂಗಕ್ಕೆ, ಸೊಂಟಕ್ಕೆಲ್ಲ ಹತ್ತಿತು. ಮೋಸ ಆಯಿತು ಅಂದುಕೊಂಡೆ. ಆದರೆ ನೀಲಿಯ ಸ್ವಭಾವವೇ ಹಾಗೆ. ಬಣ್ಣದ ತೊಟ್ಟಿಯಿಂದ ತೆಗೆದಾಗ ನೂಲು ಹಸಿರು ಹಳದಿ ಇರುತ್ತದೆ, ಗಾಳಿ ತಾಗಿ ನೀಲಿಯಾಗುತ್ತದೆ. ಗಾಢ ಆಗಲು ಹಲವು ಸಲ ಅದ್ದುತ್ತಾರೆ. ಎಳೆಯ ಮೇಲೆ ಸುಮ್ನೆ ಕೂತ ಹೆಚ್ಚಿನ ಬಣ್ಣ ತಿಕ್ಕಾಟಕ್ಕೆ ಉದುರುತ್ತದೆ. ಉಪ್ಪು ನೀರಲ್ಲಿ ನೆನೆಸು ಅಂತ ಎಲ್ಲರೂ ಹೇಳಿದರು. ನೆನೆಸಿದೆ, ಏನೂ ಉಪಯೋಗ ಆಗಲಿಲ್ಲ. ನಾಲ್ಕು ಸಲ ಬೇರೆಯಾಗಿ ಜಾಲಾಡಿಸಿದ ಮೇಲೆ ತಾನಾಗಿಯೇ ನಿಂತಿತು. ಈಗ ನೆರಿಗೆಯ ಮಡಿಕೆಗಳಲ್ಲಿ ಸ್ವಲ್ಪ ತಿಳಿಯಾಗಿದೆ, ಅಷ್ಟೇ. ಹಳೆಯ ಜೀನ್ಸ್‌ನಂತೆ ಅದೂ ಚೆಂದವೇ.

ಹಳದಿಯದು ಬೇರೆ ಕಥೆ. ಒಂದು ಮಳೆಗಾಲದ ದಿನ ನೆನೆದು ಬಂದೆ. ನೆರಿಗೆಗೆ ಚುಚ್ಚಿದ್ದ ಪಿನ್ ತೆಗೆಯದೆ ಸೀರೆ ಹಾಗೇ ಕುರ್ಚಿ ಮೇಲೆ ಹಾಕಿದೆ. ಬೆಳಿಗ್ಗೆ ನೋಡಿದರೆ ಪಿನ್ ಸುತ್ತ ಶಾಯಿ ಚೆಲ್ಲಿದಂತೆ ಕಪ್ಪು ಕಲೆ. ದಾಳಿಂಬೆ ಸಿಪ್ಪೆಯಲ್ಲಿರುವ ಒಗರಿಗೆ ಕಬ್ಬಿಣ ಸೇರಿದರೆ ಕಪ್ಪಾಗುತ್ತದೆ. ಹಿಂದಿನ ಕಾಲದ ಶಾಯಿ ಮಾಡುತ್ತಿದ್ದದ್ದೂ ಇದೇ ಗುಣ ಹಿಡಿದು. ಉಜ್ಜಿದೆ, ನಿಂಬೆರಸ ಹಚ್ಚಿದೆ. ಕಪ್ಪು ತುಸು ತಿಳಿಯಾಯಿತು, ಜೊತೆಗೆ ಸುತ್ತಲಿನ ಹಳದಿಯೂ ಬಿಳಿಚಿತು! ಒಂದು ಕಲೆ ಹೋಗಿ ಎರಡಾಯಿತು. ಬೋರ್‌ವೆಲ್ ನೀರಲ್ಲಿ ಕಬ್ಬಿಣ ಇರುವ ಊರಿನವರಾದರೆ ಈ ಹಳದಿ ತಗೊಳ್ಳಬೇಡಿ, ಸೀರೆಯಿಡೀ ಕಂದಾಗಬಹುದು. ಬಿಸಿಲಿಗೂ ಅದು ತಡೆಯುವುದಿಲ್ಲ. ಸ್ಟ್ಯಾಂಡಿನಲ್ಲಿ ಮೇಲೆ ಕಾಣುತ್ತಿದ್ದ ಮಡಿಕೆ ಒಂದು ವರ್ಷಕ್ಕೆ ಮಾಸಿ ಪಟ್ಟಿ ಬಿದ್ದಿದೆ.

ಮಂಜಿಷ್ಠದ ಸೆರಗು ಮಾತ್ರ ಎರಡರಲ್ಲೂ ಹೊಸದರಂತೆ ಇದೆ. ಒಗೆಯಲು ಸೋಪಿನ ಪುಡಿ ಬಿಟ್ಟು ಅಂಟವಾಳ ಹಿಡಿದಿದ್ದೇನೆ, ಪುಡಿಯ ಕ್ಷಾರಕ್ಕೆ ಆ ಕೆಂಪು ನೇರಳೆ ಕಡೆ ತಿರುಗುತ್ತದೆ. ನೆರಳಲ್ಲಿ, ಒಳಮೈ ಹೊರಗೆ ಮಾಡಿ ಒಣಹಾಕುತ್ತೇನೆ.

ಎಂದೂ ಹೋಗದ ಬಣ್ಣ ಅಂತ ಬರೆದವರಿಗೆ ಕಲೆಯ ಫೋಟೋ ಕಳಿಸಿದ್ದೆ. ಅದು ನೈಸರ್ಗಿಕ ಬಣ್ಣದ ಗುಣ ಅಂತ ಉತ್ತರ ಬಂತು. ಆ ಮಾತನ್ನು ಮಾರುವಾಗಲೇ ಹೇಳಬಹುದಿತ್ತು. ನೀಲಿ ಇನ್ನೊಂದು ತಗೊಳ್ಳುತ್ತೇನೆ. ಹಳದಿಯನ್ನು ಅವ್ವ ಒಯ್ದಿದ್ದಾಳೆ, ಕಲೆ ಒಳಗೆ ಹೋಗುವ ಹಾಗೆ ನೆರಿಗೆ ಹಿಡಿದು ಉಡುತ್ತಾಳೆ.