‘ಇರ್ಲಿ ಬಿಡ್ರಿ, ಸಂಕ್ರಾಂತಿಗೆ ಕಳಸ್ರಿ’ ಅಂದದ್ದಕ್ಕೆ ಒಂದು ಲಕ್ಷ ಹೋಯಿತು

ಬ್ಯಾಡಗಿ ಕಡೆ ಖಾರದ ಪುಡಿಯ ಸಣ್ಣ ಘಟಕ ನನ್ನದು. ಹೋದ ವರ್ಷ ಹುಬ್ಬಳ್ಳಿಯ ಒಬ್ಬ ತಯಾರಕರಿಗೆ ಪುಡಿ ಯಂತ್ರದ ಆರ್ಡರ್ ಕೊಟ್ಟಿದ್ದೆ. ಬೆಲೆ ₹6,40,000. ಅಡ್ವಾನ್ಸ್ ₹2,56,000. ಡಿಸೆಂಬರ್ 15ಕ್ಕೆ ಯಂತ್ರ ಬರಬೇಕು. ಜನವರಿಯಿಂದ ಮೆಣಸಿನಕಾಯಿ ಜೋರಾಗಿ ಬರುತ್ತದೆ, ಆಮೇಲೆ ಯಂತ್ರ ಬಂದರೆ ಏನು ಉಪಯೋಗ?

ಆರ್ಡರ್‌ನಲ್ಲಿ ‘ಟೈಮ್ ಈಸ್ ಆಫ್ ದಿ ಎಸೆನ್ಸ್’ ಅಂತ ದಪ್ಪಕ್ಷರದಲ್ಲೇ ಇತ್ತು. ಅಂದರೆ ತಾರೀಖೇ ಕರಾರಿನ ಜೀವ. ಅದು ತಪ್ಪಿದರೆ ಕರಾರು ಮುರಿಯಬಹುದು. ಇಷ್ಟು ಸಾಕು ಅಂದುಕೊಂಡು ನಿಶ್ಚಿಂತೆಯಿಂದಿದ್ದೆ.

15 ಹೋಯಿತು, ಯಂತ್ರ ಬರಲಿಲ್ಲ. ಮೋಟಾರ್ ಬಂದಿಲ್ಲ ಅಂದರು. 18ರಂದು ನಾನೇ ವಾಟ್ಸಾಪ್‌ನಲ್ಲಿ ಬರೆದೆ: ‘ಇರ್ಲಿ ಬಿಡ್ರಿ ಅಣ್ಣಾರ, ಸಂಕ್ರಾಂತಿಗೆ ಕಳಸ್ರಿ.’ ಸಂಕ್ರಾಂತಿಯೂ ಹೋಯಿತು. ಜನವರಿ 20ರಂದು ಮತ್ತೆ: ‘ತಿಂಗಳ ಕೊನಿಗರ ಬರ್ಲಿ.’ 27ಕ್ಕೆ ತಾಳ್ಮೆ ಕೆಟ್ಟಿತು. ‘ಆರ್ಡರ್ ಕ್ಯಾನ್ಸಲ್, ದುಡ್ಡು ವಾಪಸ್ ಕೊಡ್ರಿ’ ಅಂತ ಕಳಿಸಿ, ಬೇರೆ ಕಡೆ ₹7,10,000ಕ್ಕೆ ಯಂತ್ರ ತಗೊಂಡೆ. ಎರಡೇ ದಿನಕ್ಕೆ ಅವರ ಫೋನ್ ಬಂತು: ‘ಯಂತ್ರ ರೆಡಿ ಐತ್ರಿ, ಬಾಕಿ ಕೊಟ್ಟು ಒಯ್ರಿ.’

ಹಾವೇರಿಯ ವಕೀಲರು ಕಾಗದ ಓದಿ, ಫೋನ್ ಇಸಕೊಂಡು ನನ್ನ ಮೆಸೇಜುಗಳನ್ನೂ ಓದಿದರು. ‘ಕರಾರು ಮುರಿದೋರು ಅವರಲ್ರಿ, ನೀವ’ ಅಂದರು. ಮೊದಲು ಸಿಟ್ಟು ಬಂತು. ಆಮೇಲೆ ಅರ್ಥವಾಯಿತು.

1872ರ ಕರಾರು ಕಾಯಿದೆಯ 55ನೇ ಕಲಮು ಇದನ್ನೇ ಹೇಳುತ್ತದೆ. ಸಮಯವೇ ಮುಖ್ಯ ಅಂತ ಇಬ್ಬರೂ ಒಪ್ಪಿದ್ದರೆ, ತಾರೀಖು ತಪ್ಪಿದಾಗ ಇನ್ನೊಬ್ಬರು ಕರಾರು ರದ್ದು ಮಾಡಬಹುದು. ಹಾಗೆ ಒಪ್ಪಿರದಿದ್ದರೆ ರದ್ದು ಮಾಡುವಂತಿಲ್ಲ, ತಡದಿಂದಾದ ನಷ್ಟ ಮಾತ್ರ ಕೇಳಬಹುದು. ಇಬ್ಬರೂ ಏನು ಒಪ್ಪಿದ್ದರು ಅನ್ನೋದನ್ನು ಕೋರ್ಟು ಒಂದು ಸಾಲಿನಿಂದ ತೀರ್ಮಾನಿಸುವುದಿಲ್ಲ, ಇಡೀ ಕಾಗದ ಓದುತ್ತದೆ. ನಮ್ಮ ಕಾಗದದಲ್ಲೇ ಎರಡು ಪುಟ ದಾಟಿದರೆ ಇನ್ನೊಂದು ಷರತ್ತಿತ್ತು: ತಡವಾದರೆ ವಾರಕ್ಕೆ ಅರ್ಧ ಪರ್ಸೆಂಟ್ ಕಡಿತ, ಗರಿಷ್ಠ 5 ಪರ್ಸೆಂಟ್, ಬೇಕಿದ್ದರೆ ಅವಧಿ ವಿಸ್ತರಣೆ. ಹಳೆಯ ನಮೂನೆಯಿಂದ ನಾನೇ ಎತ್ತಿ ಹಾಕಿದ್ದು! ತಡವಾದರೆ ಇಷ್ಟು ಕಡಿತ ಅಂತ ಬರೆದರೆ, ತಡವಾದರೂ ನಡೆಯುತ್ತದೆ ಅಂತಲೇ ಅರ್ಥ ಅಲ್ವಾ? ಹಿಂದ್ ಕನ್‌ಸ್ಟ್ರಕ್ಷನ್ ಪ್ರಕರಣದಲ್ಲಿ 1979ರಲ್ಲಿ ಸುಪ್ರೀಂ ಕೋರ್ಟು ಇದೇ ಮಾತು ಹೇಳಿದೆ: ‘ಎಸೆನ್ಸ್’ ಅಂತ ಬರೆದಿದ್ದರೂ, ದಂಡ ಮತ್ತು ವಿಸ್ತರಣೆಯ ಷರತ್ತುಗಳು ಜೊತೆಗಿದ್ದರೆ ಆ ಮಾತಿನ ಬಲ ಹೋಗಬಹುದು. (ಹೊಲ, ಸೈಟು ಖರೀದಿಯಲ್ಲಂತೂ ಸಮಯ ಮುಖ್ಯವಲ್ಲ ಅಂತಲೇ ಕೋರ್ಟು ಮೊದಲು ಹಿಡಿಯುತ್ತದೆ. ಮುಖ್ಯ ಅಂತ ನಾವು ತೋರಿಸಬೇಕು.)

ಅದೂ ಹೋಗಲಿ. ಡಿಸೆಂಬರ್ 16ರಂದೇ ರದ್ದು ಮಾಡಿದ್ದರೆ ವಾದಕ್ಕಾದರೂ ಜಾಗ ಇರುತ್ತಿತ್ತು. ‘ಇರ್ಲಿ ಬಿಡ್ರಿ’ ಅಂದ ಮೇಲೆ ಮೊದಲ ತಾರೀಖು ನಾನೇ ಬಿಟ್ಟುಕೊಟ್ಟಂತೆ. ತಿಂಗಳ ಕೊನೆಯವರೆಗೆ ಟೈಮ್ ಕೊಟ್ಟು 27ಕ್ಕೆ ಮುರಿದದ್ದು ಇನ್ನೂ ದೊಡ್ಡ ತಪ್ಪು. ಕೊಟ್ಟ ಗಡುವಿನಲ್ಲೇ ಇನ್ನೂ ನಾಲ್ಕು ದಿನ ಬಾಕಿ ಇತ್ತು.

ನನಗೆ ನ್ಯಾಯವಾಗಿ ಸಿಗಬಹುದಾಗಿದ್ದದ್ದು ಆರು ವಾರದ ಕಡಿತ, ಅಂದರೆ ₹19,200. ಅದೂ ಯಂತ್ರ ತಗೊಂಡಿದ್ದರೆ. ರದ್ದು ಸರಿಯಾಗಿದ್ದಿದ್ದರೆ ಅಡ್ವಾನ್ಸ್ ಪೂರ್ತಿ ಕೇಳಬಹುದಿತ್ತು, ಜಾಸ್ತಿ ಕೊಟ್ಟ ₹70,000 ಕೂಡ. ಕೊನೆಗೆ ರಾಜಿಯಲ್ಲಿ ಕೈಗೆ ಬಂದದ್ದು ₹1,50,000. ₹1,06,000 ಹೋಯಿತು.

ಹಾಗಾದರೆ ಡಿಸೆಂಬರ್ 18ರಂದು ಏನು ಬರೆಯಬೇಕಿತ್ತು? ಟೈಮ್ ಕೊಡಬೇಡಿ ಅಂತ ವಕೀಲರು ಹೇಳಲಿಲ್ಲ. ಕೊಡಿ, ಆದರೆ ಸುಮ್ನೆ ಕೊಡಬೇಡಿ ಅಂದರು. ಅವರೇ ಬರೆದುಕೊಟ್ಟ ನೋಟಿಸಿನ ಮಾತು ಹೀಗಿದೆ:

‘ಡಿಸೆಂಬರ್ 15ರ ಗಡುವು ತಪ್ಪಿದೆ. ಜನವರಿ 5ರವರೆಗೆ ಕೊನೆಯ ಅವಕಾಶ ಕೊಡುತ್ತಿದ್ದೇನೆ. ಈ ತಾರೀಖೇ ಮುಖ್ಯ. ಅಂದು ಯಂತ್ರ ಬಾರದಿದ್ದರೆ ಆರ್ಡರ್ ರದ್ದು. ಇಲ್ಲಿಯವರೆಗಿನ ತಡದ ನಷ್ಟ ಕೇಳುವ ಹಕ್ಕನ್ನು ನಾನು ಬಿಟ್ಟಿಲ್ಲ.’

ಆ ಕೊನೆಯ ಸಾಲು ಚಿಕ್ಕದಾದರೂ ಬಿಡಬಾರದು. ಸಮಯ ಮುಖ್ಯವಾದ ಕರಾರಿನಲ್ಲಿ ತಡವಾಗಿ ಬಂದದ್ದನ್ನು ಒಪ್ಪಿಕೊಳ್ಳುವಾಗಲೇ ನಷ್ಟ ಕೇಳುತ್ತೇನೆ ಅಂತ ತಿಳಿಸದಿದ್ದರೆ, 55ನೇ ಕಲಮಿನ ಪ್ರಕಾರ ಆಮೇಲೆ ಕೇಳುವಂತಿಲ್ಲ. ಹೊಸ ಗಡುವೂ ಆ ಕೆಲಸಕ್ಕೆ ಸಾಕಾಗುವಷ್ಟು ಇರಬೇಕು. ಎರಡು ದಿನದಲ್ಲಿ ಯಂತ್ರ ತಾ ಅಂದರೆ ನೋಟಿಸು ನಿಲ್ಲುವುದಿಲ್ಲ.

ಈ ವರ್ಷ ಪ್ಯಾಕಿಂಗ್ ಯಂತ್ರದ ಆರ್ಡರ್ ಕೊಡುವಾಗ ಕಡಿತದ ಷರತ್ತನ್ನು ತೆಗೆಯಲಿಲ್ಲ. ಅದರ ಕೆಳಗೆ ‘ಹತ್ತು ದಿನ ಮೀರಿದರೆ ಕಡಿತದ ಜೊತೆಗೆ ರದ್ದು ಮಾಡುವ ಹಕ್ಕೂ ಇದೆ, ಯಂತ್ರ ಸೀಸನ್‌ಗಾಗಿಯೇ ಬೇಕಾಗಿದೆ’ ಅಂತ ಸೇರಿಸಿದೆ. ನಾನು ಮೊದಲು ಐದು ದಿನ ಅಂತ ಬರೆದಿದ್ದೆ. ತಯಾರಕರು ಓದಿ, ಪೆನ್ನು ಕೆಳಗಿಟ್ಟು, ‘ಹತ್ತು ಮಾಡ್ರಿ, ಸಹಿ ಹಾಕ್ತೀನಿ’ ಅಂದರು.