ಇಮೇಲ್‌ನಿಂದ ಫೋನಿಗೆ ಯಾವಾಗ ದಾಟಬೇಕು: ಮೂರು ಕ್ರಮಗಳ ಹೋಲಿಕೆ

ಬದಿಯಡ್ಕ ಸಮೀಪದ ನಮ್ಮ ಹಾಳೆತಟ್ಟೆ ಘಟಕದ ಪರವಾಗಿ ಮಂಗಳೂರಿನ ಹೋಟೆಲುಗಳಿಗೂ ಅಡುಗೆ ಗುತ್ತಿಗೆದಾರರಿಗೂ ಬರೆಯುವ ಕೆಲಸ ನನ್ನದು. ಪರಿಚಯವಿಲ್ಲದವರಿಗೆ ಇಮೇಲ್ ಕಳುಹಿಸಿದ ಮೇಲೆ ಮುಂದಿನ ಹೆಜ್ಜೆ ಯಾವಾಗ, ಹೇಗೆ ಎಂಬುದಕ್ಕೆ ಮೂರು ಕ್ರಮಗಳನ್ನು ಪ್ರಯೋಗಿಸಿ ನೋಡಿದ್ದೇನೆ.

ಇಮೇಲ್ ಹೋದ ದಿನವೇ ಫೋನ್ ಮಾಡುವುದು ಮೊದಲನೆಯದು. ಅವರು ಅದನ್ನಿನ್ನೂ ತೆರೆದಿರುವುದಿಲ್ಲ. "ನೋಡಿ ಹೇಳುತ್ತೇನೆ" ಎಂಬಲ್ಲಿಗೆ ಮಾತು ಮುಗಿಯುತ್ತದೆ, ಮತ್ತೆ ಕರೆಯಲು ಹೊಸ ವಿಷಯವೂ ಉಳಿಯುವುದಿಲ್ಲ. ಅವರೇ ದರ ಕೇಳಿದ್ದರೆ ಮಾತ್ರ ಈ ಕ್ರಮ ಸರಿ.

ಎರಡನೆಯದು ಇಮೇಲ್‌ನ ಬೆನ್ನಿಗೇ ವಾಟ್ಸಾಪ್ ಸಂದೇಶ. ಇದು ಬೇಗ ಕಣ್ಣಿಗೆ ಬೀಳುತ್ತದೆ, ನಿಜ. ಆದರೆ ನಮಗೆ ಸಿಗುವ ನಂಬರು ಬಹುತೇಕ ಮಾಲೀಕರ ಸ್ವಂತದ್ದು. ಅಪರಿಚಿತರ ದರಪಟ್ಟಿ ಅಲ್ಲಿ ಬಂದರೆ ಅವರು ಸುಲಭವಾಗಿ ಬ್ಲಾಕ್ ಮಾಡಬಹುದು, ಆಮೇಲೆ ಆ ದಾರಿ ಮುಚ್ಚಿದಂತೆಯೇ. ಮುಂಚಿತವಾಗಿ ಒಪ್ಪಿಗೆ ಪಡೆದವರಿಗಷ್ಟೇ ವ್ಯಾಪಾರದ ಸಂದೇಶ ಕಳುಹಿಸಬೇಕೆಂಬುದು ವಾಟ್ಸಾಪ್‌ನದೇ ನಿಯಮ.

ನಾನು ಉಳಿಸಿಕೊಂಡಿರುವುದು ಮೂರನೆಯದನ್ನು: ಎರಡು ಇಮೇಲ್, ಆಮೇಲೆ ಫೋನ್, ಅವರು ಒಪ್ಪಿದರೆ ಮಾತ್ರ ವಾಟ್ಸಾಪ್. ಮಂಗಳೂರಿನ ಒಬ್ಬ ಅಡುಗೆ ಗುತ್ತಿಗೆದಾರರ ವಿಷಯದಲ್ಲಿ ಅದು ಹೀಗೆ ನಡೆಯಿತು. ಯಾವ ಅಳತೆಯ ತಟ್ಟೆ ಬಳಸುತ್ತೀರಿ ಎಂಬ ಒಂದೇ ಪ್ರಶ್ನೆಯಿಟ್ಟು ಸೋಮವಾರ ಬರೆದೆ. ಉತ್ತರ ಬರಲಿಲ್ಲ. ಗುರುವಾರ ಅದೇ ಇಮೇಲ್‌ನ ಕೆಳಗೆ, 12 ಇಂಚಿನ ತಟ್ಟೆಯ ಸ್ಯಾಂಪಲ್ ಕಳುಹಿಸಬಹುದೇ ಎಂದು ಎರಡು ಸಾಲು ಸೇರಿಸಿದೆ. ಮುಂದಿನ ಸೋಮವಾರ, ಮಧ್ಯಾಹ್ನದ ಊಟದ ಗಡಿಬಿಡಿ ಮುಗಿಯುವ ಮೂರೂವರೆಗೆ, ಫೋನ್ ಮಾಡಿದೆ.

"ನಮಸ್ಕಾರ, ಬದಿಯಡ್ಕದ ಹಾಳೆತಟ್ಟೆ ಘಟಕದಿಂದ ಮಾತನಾಡುತ್ತಿದ್ದೇನೆ. ಗುರುವಾರ ಸ್ಯಾಂಪಲ್ ಬಗ್ಗೆ ಬರೆದಿದ್ದೆ. ತಟ್ಟೆ ಖರೀದಿ ನೋಡಿಕೊಳ್ಳುವವರು ತಾವೇನಾ?"

ಆ ವಿಳಾಸಕ್ಕೆ ಬಂದದ್ದೆಲ್ಲ ಲೆಕ್ಕ ಬರೆಯುವವರಿಗೆ ಹೋಗುತ್ತದೆ, ಖರೀದಿ ಅಡುಗೆಮನೆಯ ಮೇಲ್ವಿಚಾರಕರದ್ದು ಎಂದು ಆಗ ತಿಳಿಯಿತು. ಮೇಲ್ವಿಚಾರಕರೊಡನೆ ಮಾತನಾಡಿದಾಗ, ಸಾರು ಬಡಿಸಿದರೆ ಅಂಚಿನಿಂದ ಹೊರಗೆ ಹರಿಯುತ್ತದೆಯೇ ಎಂದು ಕೇಳಿ, ತಟ್ಟೆಯ ಆಳ ಕಾಣುವಂತೆ ಪಕ್ಕದಿಂದ ತೆಗೆದ ಫೋಟೋ ವಾಟ್ಸಾಪ್ ಮಾಡಲು ಅವರೇ ಹೇಳಿದರು. ಇಮೇಲ್‌ಗೆ ಉತ್ತರವಿಲ್ಲವೆಂದರೆ ಬೇಡವೆಂದಿರಬಹುದು, ಸ್ಪ್ಯಾಮ್‌ಗೆ ಹೋಗಿರಬಹುದು, ತಪ್ಪು ಮೇಜಿಗೆ ಸೇರಿರಬಹುದು. ಇವುಗಳಲ್ಲಿ ಯಾವುದೆಂದು ಮೂರನೆಯ ಇಮೇಲ್ ಹೇಳಲಾರದು, ಒಂದು ಕರೆ ಹೇಳಬಲ್ಲದು.

ಇಮೇಲ್ ತೆರೆದ ಗುರುತು ಕಂಡೊಡನೆ ಫೋನ್ ಮಾಡುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ಆ ಗುರುತು ಇಮೇಲ್‌ನೊಳಗಿನ ಒಂದು ಸಣ್ಣ ಚಿತ್ರ ಇಳಿದಾಗ ಮೂಡುವಂಥದ್ದು. 2021ರಿಂದ ಆಪಲ್‌ನ ಮೇಲ್ ಆ್ಯಪ್‌ನಲ್ಲಿ ಗೌಪ್ಯತೆಯ ಆಯ್ಕೆ ಚಾಲೂ ಇದ್ದರೆ, ಓದುಗ ತೆರೆಯದಿದ್ದರೂ ಚಿತ್ರಗಳು ಇಳಿದುಬಿಡುತ್ತವೆ.

ಖರೀದಿಗೆ ಪ್ರತ್ಯೇಕ ವಿಭಾಗವಿರುವ ದೊಡ್ಡ ಹೋಟೆಲುಗಳಿಗೆ ಈ ಅಂತರ ಸಾಲದು. ಅಲ್ಲಿ ವಾರಕ್ಕೊಂದರಂತೆ ಮೂರು ಇಮೇಲ್ ಹೋದ ಮೇಲೆಯೇ, ಅದೂ ಕಚೇರಿಯ ನಂಬರಿಗೆ, ಫೋನ್ ಮಾಡುತ್ತೇನೆ.